ಹಲಗೆಯ ಕೆಳಗಿನ ಇಪ್ಪತ್ತೊಂದು ಅಧ್ಯಾಯಗಳು

ಅಕ್ಕನ ಮಗಳು ಎಂ.ಎ. ಇಂಗ್ಲಿಷ್ ಎರಡನೇ ವರ್ಷದಲ್ಲಿದ್ದಾಳೆ. ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ರಾತ್ರಿ ಫೋನ್ ಮಾಡಿದಳು. "ಚಿಕ್ಕಮ್ಮಾ, ಈ ಪುಸ್ತಕದ ಮೊದಲ ಭಾಗದಲ್ಲಿ ಏನೂ ನಡೆಯೋದೇ ಇಲ್ಲ. ಒಬ್ಬ ಮನುಷ್ಯ ಕೂತು ಮಾತಾಡ್ತಾನೆ ಅಷ್ಟೆ. ಇದರ ಅಧ್ಯಾಯವಾರು ಸಾರಾಂಶ ಹೇಗೆ ಬರೆಯೋದು?" ಅಂತ ಕೇಳಿದಳು. ಪುಸ್ತಕ ದಸ್ತಯೆವ್‌ಸ್ಕಿಯ 'ನೋಟ್ಸ್ ಫ್ರಮ್ ಅಂಡರ್‌ಗ್ರೌಂಡ್'. ನನಗೂ ಎಂ.ಎ.ಯಲ್ಲಿ ಅದೇ ಪುಸ್ತಕ ಇತ್ತು. ಅದರ ಮೇಲೆ ಬಂದ ಪ್ರಶ್ನೆಗೆ ನಾನು ಎಂಟು ಪುಟ ಬರೆದಿದ್ದೆ, ಹದಿನಾರಕ್ಕೆ ಐದು ಅಂಕ ಬಂದಿತ್ತು.

ಯಾಕೆ ಐದು ಅಂತ ಆಗ ಗೊತ್ತಾಗಿರಲಿಲ್ಲ. ವರ್ಷಗಳ ಮೇಲೆ ನನ್ನ ಹಳೇ ನೋಟ್ಸ್ ತೆಗೆದು ನೋಡಿದಾಗ ಗೊತ್ತಾಯಿತು. ಪ್ರತಿ ಅಧ್ಯಾಯದ ಸಾರಾಂಶವೂ "ದಸ್ತಯೆವ್‌ಸ್ಕಿ ಇಲ್ಲಿ ಹೇಳುವುದೇನೆಂದರೆ" ಅಂತಲೇ ಶುರುವಾಗಿತ್ತು. ಮನುಷ್ಯನಿಗೆ ವಿಚಾರಶಕ್ತಿ ಬೇಡ ಅಂತ ದಸ್ತಯೆವ್‌ಸ್ಕಿ ಹೇಳುತ್ತಾನೆ, ನೋವಿನಲ್ಲಿ ಸುಖ ಇದೆ ಅಂತ ದಸ್ತಯೆವ್‌ಸ್ಕಿ ಹೇಳುತ್ತಾನೆ. ಆದರೆ ಅವನು ಹೇಳುತ್ತಿಲ್ಲ. ಹೇಳುತ್ತಿರುವವನು ಪೀಟರ್ಸ್‌ಬರ್ಗ್‌ನ ಅಂಚಿನ ಒಂದು ಕೆಟ್ಟ ಕೋಣೆಯಲ್ಲಿ ಕೂತಿರುವ, ಹೆಸರೇ ಇಲ್ಲದ, ನಲವತ್ತು ವರ್ಷದ ನಿವೃತ್ತ ಗುಮಾಸ್ತ. ಪುಸ್ತಕದ ಮೊದಲ ಪುಟದ ಅಡಿಟಿಪ್ಪಣಿಯಲ್ಲೇ ಲೇಖಕ ತನ್ನ ಹೆಸರು ಹಾಕಿ, ಈ ಮನುಷ್ಯನೂ ಈ ಟಿಪ್ಪಣಿಗಳೂ ಕಲ್ಪಿತ, ಆದರೆ ನಮ್ಮ ಸಮಾಜ ನೋಡಿದರೆ ಇಂಥವರು ಇರಲೇಬೇಕು ಅಂತ ಬರೆದಿದ್ದಾನೆ. ನಾನು ಆ ಅಡಿಟಿಪ್ಪಣಿ ಬಿಟ್ಟು ಓದಿದ್ದೆ.

ಹಾಗಾಗಿ ಅವಳಿಗೆ ಮೊದಲು ಹೇಳಿದ್ದು, "ಅಧ್ಯಾಯದಲ್ಲಿ ಏನು ನಡೆಯಿತು ಅಂತ ಬರೆಯಬೇಡ. ಇವನು ಯಾರಿಗೆ ಉತ್ತರ ಕೊಡ್ತಿದ್ದಾನೆ, ಯಾವ ಚಿತ್ರ ಇಟ್ಟುಕೊಂಡು ಕೊಡ್ತಿದ್ದಾನೆ, ಎಲ್ಲಿ ತನ್ನ ಮಾತನ್ನು ತಾನೇ ವಾಪಸ್ ತಗೊಳ್ತಾನೆ, ಈ ಮೂರು ಬರಿ ಸಾಕು." ಒಂದು ಅಧ್ಯಾಯಕ್ಕೆ ಮೂರು ನಾಲ್ಕು ಸಾಲು. ಮೊದಲ ಭಾಗದಲ್ಲಿ ಹನ್ನೊಂದು, ಎರಡನೆಯದರಲ್ಲಿ ಹತ್ತು, ಒಟ್ಟು ಇಪ್ಪತ್ತೊಂದು. ಎರಡು ಹಾಳೆಯಲ್ಲಿ ಮುಗಿಯುತ್ತದೆ.

ಯಾರಿಗೆ ಉತ್ತರ ಅನ್ನೋದು ಗೊತ್ತಿಲ್ಲದೆ ಹೋದರೆ ಮೊದಲ ಭಾಗ ಬರೀ ಹುಚ್ಚನ ಗೊಣಗಾಟದ ಹಾಗೆ ಕೇಳುತ್ತದೆ. ಪುಸ್ತಕ ಬಂದಿದ್ದು 1864ರಲ್ಲಿ, ದಸ್ತಯೆವ್‌ಸ್ಕಿ ಮತ್ತು ಅವನ ಅಣ್ಣ ಮಿಖಾಯಿಲ್ ಸೇರಿ ನಡೆಸುತ್ತಿದ್ದ 'ಎಪೋಖ' ಪತ್ರಿಕೆಯಲ್ಲಿ. ಅದರ ಹಿಂದಿನ ವರ್ಷ, 1863ರಲ್ಲಿ, ಚೆರ್ನಿಶೆವ್‌ಸ್ಕಿ ಜೈಲಿನಲ್ಲಿದ್ದುಕೊಂಡೇ ಬರೆದ 'ವಾಟ್ ಈಸ್ ಟು ಬಿ ಡನ್?' ಕಾದಂಬರಿ ರಷ್ಯಾದ ಯುವಕರನ್ನು ಹುಚ್ಚೆಬ್ಬಿಸಿತ್ತು. ಅದರ ತಿರುಳು ಸರಳ. ಮನುಷ್ಯ ಕೆಟ್ಟದ್ದು ಮಾಡೋದು ತನಗೆ ನಿಜವಾಗಿ ಯಾವುದು ಲಾಭ ಅಂತ ಗೊತ್ತಿಲ್ಲದೆ. ಅದನ್ನು ಅವನಿಗೆ ಲೆಕ್ಕ ಹಾಕಿ ತೋರಿಸಿದರೆ ಸಾಕು, ತಾನಾಗಿಯೇ ಒಳ್ಳೆಯವನಾಗುತ್ತಾನೆ. ಆ ಕಾದಂಬರಿಯ ನಾಯಕಿ ವೇರಾ ಪಾವ್ಲೊವ್ನಾಗೆ ಬೀಳುವ ನಾಲ್ಕನೇ ಕನಸಿನಲ್ಲಿ ಇಂಥ ಜನ ಎಲ್ಲ ಸೇರಿ ಬಾಳುವ ಒಂದು ದೊಡ್ಡ ಗಾಜಿನ ಅರಮನೆ ಬರುತ್ತದೆ. ಲಂಡನ್ನಿನಲ್ಲಿ 1851ರ ಪ್ರದರ್ಶನಕ್ಕೆ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್ ಆ ಕನಸಿಗೆ ಮಾದರಿ. ದಸ್ತಯೆವ್‌ಸ್ಕಿಯೂ 1862ರಲ್ಲಿ ಲಂಡನ್ನಿಗೆ ಹೋಗಿ ಬಂದಿದ್ದ. ಮೊದಲ ಭಾಗದ ಗುಮಾಸ್ತ "ಸ್ವಾಮಿ, ಮಹನೀಯರೇ" ಅಂತ ಪದೇ ಪದೇ ಕರೆಯೋದು ಈ ಅರಮನೆಯನ್ನು ನಂಬಿದವರನ್ನ.

ಈಗ ಅಧ್ಯಾಯಗಳಿಗೆ ಬರೋಣ. ಒಂದನೆಯದರಲ್ಲಿ ತಾನು ರೋಗಿ, ಕೆಡುಕ, ಪಿತ್ತಜನಕಾಂಗ ಕೆಟ್ಟಿದೆ, ಹಠಕ್ಕಾಗಿಯೇ ಡಾಕ್ಟರ ಹತ್ತಿರ ಹೋಗುವುದಿಲ್ಲ ಅಂತಾನೆ. ದೂರದ ಸಂಬಂಧಿಕರೊಬ್ಬರು ಆರು ಸಾವಿರ ರೂಬಲ್ ಬಿಟ್ಟುಹೋದ ಕೂಡಲೇ ಕೆಲಸ ಬಿಟ್ಟೆ ಅಂತಾನೆ. ಆದರೆ ಹಾಳೆಯಲ್ಲಿ ಬರೆದುಕೊಳ್ಳಬೇಕಾದ್ದು ಇನ್ನೊಂದಿದೆ. ಕಚೇರಿಯಲ್ಲಿ ನಾನು ಬಹಳ ಕೆಡುಕನಾಗಿದ್ದೆ ಅಂತ ಹೇಳಿ, ಒಂದು ಪ್ಯಾರಾ ಆದಮೇಲೆ ಅದು ಸುಳ್ಳು, ಕೆಡುಕಿಗಾಗಿ ಸುಳ್ಳು ಹೇಳಿದೆ ಅಂತಾನೆ. ಇಡೀ ಪುಸ್ತಕದ ನಡಿಗೆ ಇಲ್ಲೇ ಇದೆ. ಇವನ ಯಾವ ವಾಕ್ಯವನ್ನೂ ಪರೀಕ್ಷೆಯಲ್ಲಿ ಒಂಟಿಯಾಗಿ ತೆಗೆದು ಇಡಬಾರದು, ಅದರ ಹಿಂದೆಯೇ ಅದನ್ನು ಅಳಿಸುವ ವಾಕ್ಯ ಬರುತ್ತಿರುತ್ತದೆ.

ಎರಡರಲ್ಲಿ ಅತಿಯಾದ ಅರಿವು ಒಂದು ರೋಗ ಅನ್ನುತ್ತಾನೆ. ಮೂರರಲ್ಲಿ ಎರಡು ಪ್ರಾಣಿಗಳು ಬರುತ್ತವೆ, ಗೂಳಿ ಮತ್ತು ಇಲಿ. ಕೆಲಸ ಮಾಡುವ ಮನುಷ್ಯ ಕೊಂಬು ತಗ್ಗಿಸಿ ನುಗ್ಗುವ ಗೂಳಿ, ಗೋಡೆ ಸಿಕ್ಕರೆ ಸುಮ್ನೆ ನಿಂತುಬಿಡುತ್ತಾನೆ, ಅವನಿಗೆ ಸಮಾಧಾನ. ಅರಿವು ಜಾಸ್ತಿ ಇರುವವನು ಇಲಿ, ಅವಮಾನವನ್ನು ನೆಲದಡಿಗೆ ಹೊತ್ತುಕೊಂಡು ಹೋಗಿ ವರ್ಷಗಟ್ಟಲೆ ಮೆಲುಕು ಹಾಕುತ್ತಾನೆ. ಇಲ್ಲಿ ಒಂದು ಮಾತು. 'ಅಂಡರ್‌ಗ್ರೌಂಡ್' ಅನ್ನೋದಕ್ಕೆ ರಷ್ಯನ್ನಿನಲ್ಲಿರುವ ಪದ ಪೊದ್‌ಪೋಲ್ಯೆ, ಮರದ ನೆಲದ ಹಲಗೆಗಳ ಕೆಳಗಿನ ಜಾಗ. ಗುಪ್ತ ಸುರಂಗವೂ ಅಲ್ಲ, ಕ್ರಾಂತಿಕಾರರ ಅಡಗುದಾಣವೂ ಅಲ್ಲ. ಮೇಲೆ ಜನ ಓಡಾಡುವುದು ಕೇಳಿಸುತ್ತದೆ, ಆದರೆ ಮೇಲೆ ಬರಲಾಗದು. ಇಲಿ ಇರುವ ಜಾಗ ಅದು. ಗೋಡೆ ಅಂದರೆ ಪ್ರಕೃತಿಯ ನಿಯಮಗಳು, ಗಣಿತ, ಎರಡು ಎರಡಲ ನಾಲ್ಕು. ಗೋಡೆಯನ್ನು ಒಡೆಯುವ ಶಕ್ತಿ ನನಗಿಲ್ಲ, ಆದರೆ ಶಕ್ತಿ ಇಲ್ಲ ಅನ್ನುವ ಕಾರಣಕ್ಕೆ ಅದರ ಜತೆ ರಾಜಿಯಾಗಲಾರೆ ಅನ್ನುವುದು ಇವನ ನಿಲುವು.

ನಾಲ್ಕು ಹಲ್ಲುನೋವಿನದು. ನರಳುವವನು ನೋವಿಗೆ ನರಳುತ್ತಿಲ್ಲ, ಮನೆಯವರ ನಿದ್ದೆ ಕೆಡಿಸುವುದರಲ್ಲಿ ಒಂದು ಸುಖ ಇದೆ ಅಂತ ವಾದ. ಐದರಲ್ಲಿ ಕಾರಣಗಳ ಹಿಂದೆ ಕಾರಣ ಹುಡುಕುತ್ತಾ ಹೋದರೆ ಕೋಪಕ್ಕೂ ನೆಲೆ ಸಿಗುವುದಿಲ್ಲ, ಸಿಟ್ಟು ಕೂಡ ಕರಗಿಹೋಗುತ್ತದೆ, ಅದಕ್ಕೇ ನಾನು ಏನೂ ಮಾಡಲಾರದವನಾದೆ. ಆರು ಚಿಕ್ಕದು. ನಾನು ಕಡೇಪಕ್ಷ ಸೋಮಾರಿಯಾದರೂ ಆಗಿದ್ದರೆ ಒಂದು ಗುಣ, ಒಂದು ಹೆಸರು ಇರುತ್ತಿತ್ತಲ್ಲ ಅಂತ ಹಂಬಲ. ಇವೆರಡಕ್ಕೆ ಎರಡೆರಡು ಸಾಲು ಸಾಕು.

ನಿಲ್ಲಬೇಕಾದ್ದು ಏಳು, ಎಂಟು, ಒಂಬತ್ತರಲ್ಲಿ. ಪ್ರಶ್ನೆ ಬರುವುದೂ ಇಲ್ಲಿಂದಲೇ ಜಾಸ್ತಿ, ಎಡವುವುದೂ ಇಲ್ಲೇ. ಈ ಮೂರನ್ನೂ "ಮನುಷ್ಯ ವಿಚಾರವಂತ ಪ್ರಾಣಿ ಅಲ್ಲ" ಅಂತ ಒಂದೇ ಸಾಲಿಗೆ ಇಳಿಸಿಬಿಡುತ್ತಾರೆ. ನಾನೂ ಇಳಿಸಿದ್ದೆ. ಆದರೆ ಮೂರು ಅಧ್ಯಾಯ ಮೂರು ಬೇರೆ ಹೆಜ್ಜೆ ಇಡುತ್ತವೆ.

ಏಳರಲ್ಲಿ ಅವನು ಎದುರಾಳಿಯ ಪದವನ್ನೇ ಹಿಡಿಯುತ್ತಾನೆ, ಲಾಭ. ನಿಮ್ಮ ಲಾಭದ ಪಟ್ಟಿಯಲ್ಲಿ ಸುಖ, ಸಂಪತ್ತು, ಸ್ವಾತಂತ್ರ್ಯ, ಶಾಂತಿ ಎಲ್ಲ ಇದೆ, ಆದರೆ ಯಾವ ಪಟ್ಟಿಗೂ ಸೇರದ ಒಂದು ಲಾಭವನ್ನು ಬಿಟ್ಟಿದ್ದೀರಿ, ಅದಕ್ಕಾಗಿ ಮನುಷ್ಯ ಉಳಿದೆಲ್ಲವನ್ನೂ ಒದೆಯಲು ತಯಾರು. ಅದು ಯಾವುದು? ತನ್ನ ಸ್ವಂತ ಇಚ್ಛೆ, ಅದು ಎಷ್ಟೇ ಮೂರ್ಖ ಇಚ್ಛೆಯಾದರೂ. ನಾಳೆ ಅರಮನೆ ಕಟ್ಟಿ ಎಲ್ಲ ಸರಿಹೋದ ಮೇಲೂ ಒಬ್ಬ ಮನುಷ್ಯ ಸೊಂಟದ ಮೇಲೆ ಕೈ ಇಟ್ಟು ಎದ್ದು ನಿಂತು, ಈ ಲೆಕ್ಕಾಚಾರವನ್ನೆಲ್ಲ ಒಂದೇ ಒದೆತಕ್ಕೆ ಉರುಳಿಸೋಣವೇ ಅಂತಾನೆ, ಅವನಿಗೆ ಹಿಂಬಾಲಕರೂ ಸಿಗುತ್ತಾರೆ. ಗಮನಿಸಿ, ಇಲ್ಲಿ ಅವನು ಲಾಭದ ತರ್ಕವನ್ನು ಬಿಟ್ಟಿಲ್ಲ. ಅದರೊಳಗೇ ನಿಂತು ಅದನ್ನು ಒಡೆಯುತ್ತಾನೆ.

ಎಂಟರಲ್ಲಿ ಎದುರಾಳಿ ಬಾಯಿ ಬಿಡುತ್ತಾನೆ. ಇಚ್ಛೆ ಅಂತ ಒಂದಿಲ್ಲವಲ್ಲ, ವಿಜ್ಞಾನ ಮುಂದುವರಿದರೆ ನಿನ್ನ ಇಚ್ಛೆಗೂ ಒಂದು ಸೂತ್ರ ಸಿಗುತ್ತದೆ ಅಂತಾನೆ. ಇದು ಬಲವಾದ ಪ್ರಶ್ನೆ, ಏಳನೇ ಅಧ್ಯಾಯದ ಮಾತನ್ನೇ ಬುಡಮೇಲು ಮಾಡುವಂಥದ್ದು. ಉತ್ತರದಲ್ಲಿ ಎರಡು ಮಾತಿವೆ. ವಿಚಾರ ಬದುಕಿನ ಒಂದು ಅಂಶ ಮಾತ್ರ, ಇಚ್ಛೆ ಇಡೀ ಬದುಕು, ವಿಚಾರವನ್ನೂ ಮೈ ಕೆರೆಯುವುದನ್ನೂ ಸೇರಿಸಿಕೊಂಡಂತೆ. ಎರಡನೆಯದು, ತಾನು ಬೇರೆಯವರು ಒತ್ತಿದ ಹಾಗೆ ನುಡಿಯುವ ಪಿಯಾನೋದ ಕೀಲಿಯಲ್ಲ, ಮನುಷ್ಯ ಅಂತ ತೋರಿಸಲು ಅವನು ಬೇಕಂತಲೇ ಹುಚ್ಚನಾದಾನು, ಆ ಹುಚ್ಚನ್ನೂ ಮುಂಚೆಯೇ ಲೆಕ್ಕ ಹಾಕಿದ್ದರೂ. ಪರೀಕ್ಷೆಯಲ್ಲಿ "ಇವನು ವಿಚಾರವನ್ನು ತಿರಸ್ಕರಿಸುತ್ತಾನೆ" ಅಂತ ಬರೆದರೆ ತಪ್ಪಾಗುವುದು ಇದಕ್ಕೇ. ವಿಚಾರ ಒಳ್ಳೆಯದೇ, ಆದರೆ ಅದು ಭಾಗ, ಪೂರ್ತಿ ಅಲ್ಲ, ಇದು ಅವನ ವಾದ.

ಒಂಬತ್ತರಲ್ಲಿ ಇನ್ನೂ ಆಳಕ್ಕೆ ಇಳಿಯುತ್ತಾನೆ. ಮನುಷ್ಯನನ್ನು ತಿದ್ದುವುದು ಸಾಧ್ಯವೇ ಅನ್ನುವುದಿರಲಿ, ಒಳ್ಳೆಯದೇ ಅಂತ ನಿಮಗೆ ಹೇಗೆ ಗೊತ್ತು? ಮನುಷ್ಯನಿಗೆ ದಾರಿ ಕಟ್ಟುವುದು ಇಷ್ಟ, ತಲುಪುವುದು ಭಯ. ಇರುವೆಗಳಿಗೆ ಗೂಡು ಒಂದಿದೆ, ಅಲ್ಲಿಂದ ಶುರು, ಅಲ್ಲೇ ಕೊನೆ. ಮನುಷ್ಯನಿಗೆ ಗುರಿ ಮುಟ್ಟಿದ ಮೇಲೆ ಉಳಿಯುವುದು ಎರಡು ಎರಡಲ ನಾಲ್ಕು, ಅದು ಬದುಕಲ್ಲ, ಸಾವಿನ ಆರಂಭ. ಎರಡು ಎರಡಲ ಐದು ಕೂಡ ಒಮ್ಮೊಮ್ಮೆ ಮುದ್ದಾದದ್ದು ಅನ್ನುವ ಸಾಲು ಇಲ್ಲಿದೆ. ಅದನ್ನು ಅವನು ಐದೇ ಸರಿ ಅಂದ ಅಂತ ಬರೆಯುವವರಿದ್ದಾರೆ. ಅವನು ಹಾಗಂದಿಲ್ಲ, ನಾಲ್ಕು ಶ್ರೇಷ್ಠ ಅಂತ ಒಪ್ಪಿಕೊಂಡೇ ಮುಂದೆ ಹೇಳುತ್ತಾನೆ. ಅಂದಹಾಗೆ, ಈ ಅಧ್ಯಾಯ ಶುರುವಾಗುವುದೇ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನುವ ಮಾತಿನಿಂದ. ಮೂರನೇ ಕಾಲಂ, ವಾಪಸ್ ತಗೊಳ್ಳುವ ಕಾಲಂ, ಅದಕ್ಕೇ ಬೇಕು ಅಂದಿದ್ದು.

ಹತ್ತರಲ್ಲಿ ಅರಮನೆಗೆ ಮರಳುತ್ತಾನೆ. ಮಳೆ ಬಂದಾಗ ಕೋಳಿಗೂಡಿನೊಳಗೆ ನುಗ್ಗಿಯೇನು, ಆದರೆ ಮಳೆಯಿಂದ ಕಾಯಿತು ಅಂತ ಅದನ್ನು ಅರಮನೆ ಅನ್ನಲಾರೆ. ಈ ಅಧ್ಯಾಯ ಚಿಕ್ಕದು, ನಡುವೆ ಏನೋ ಹರಿದುಹೋದ ಹಾಗಿದೆ, ನಿಜವಾಗಿಯೂ ಹರಿದಿದೆ. ಸೆನ್ಸಾರಿನವರು ಇಲ್ಲಿ ಕತ್ತರಿ ಹಾಕಿದರು ಅಂತ ದಸ್ತಯೆವ್‌ಸ್ಕಿ 1864ರಲ್ಲಿ ಅಣ್ಣನಿಗೆ ಕಾಗದ ಬರೆದು ಸಿಟ್ಟಾಗಿದ್ದಾನೆ. ನಂಬಿಕೆ ಮತ್ತು ಕ್ರಿಸ್ತ ಯಾಕೆ ಬೇಕು ಅನ್ನುವುದನ್ನು ಹೇಳಿದ ಭಾಗವನ್ನೇ ತೆಗೆದರು ಅನ್ನುವುದು ಅವನ ದೂರು. ನಂತರದ ಮುದ್ರಣಗಳಲ್ಲೂ ಅದು ಮರಳಿ ಬರಲಿಲ್ಲ. ಹಾಗಾಗಿ ಉತ್ತರದಲ್ಲಿ ಕ್ರಿಸ್ತನ ಮಾತು ತರುವುದಾದರೆ ಕಾಗದದಲ್ಲಿದೆ ಅಂತ ಹೇಳಿಯೇ ತರಬೇಕು, ಕಾದಂಬರಿಯಲ್ಲಿದೆ ಅಂತಲ್ಲ. ಹನ್ನೊಂದರಲ್ಲಿ ಇಷ್ಟು ಹೊತ್ತು ಹೇಳಿದ್ದನ್ನು ನಾನೇ ನಂಬುವುದಿಲ್ಲ, ನಂಬಿದರೂ ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತದೆ ಅಂತಾನೆ. ಹೊರಗೆ ಹಸಿ ಹಿಮ ಬೀಳುತ್ತಿದೆ, ಅದು ಒಂದು ಹಳೇ ನೆನಪು ತರುತ್ತದೆ.

ಆ ನೆನಪೇ ಎರಡನೇ ಭಾಗ. ಇಲ್ಲಿ ಅವನ ವಯಸ್ಸು ಇಪ್ಪತ್ತನಾಲ್ಕು. ಅಂದರೆ ಕತೆ ಹದಿನಾರು ವರ್ಷ ಹಿಂದಕ್ಕೆ, 1840ರ ದಶಕದ ಕೊನೆಗೆ ಹೋಗುತ್ತದೆ. ಇದನ್ನು ಹಾಳೆಯ ನಡುವೆ ದೊಡ್ಡದಾಗಿ ಬರೆದಿಡು ಅಂದೆ, ಯಾಕಂದರೆ ಬಹಳ ಮಂದಿ ಎರಡನೇ ಭಾಗವನ್ನು ಮೊದಲನೆಯದರ ಮುಂದುವರಿಕೆ ಅಂದುಕೊಂಡು, ತತ್ವ ಹೇಳಿದ ಮೇಲೆ ಅದರಂತೆ ನಡೆದ ಅಂತ ಬರೆಯುತ್ತಾರೆ. ಉಲ್ಟಾ. ಮೊದಲು ಬದುಕಿದ್ದು ಇದು, ಆ ತತ್ವಗಳೆಲ್ಲ ಬಂದಿದ್ದು ಆಮೇಲೆ. ಮೊದಲ ಭಾಗದಲ್ಲಿ ಅವನ ತಲೆ ತುಂಬ 1860ರ ದಶಕದ ವಿಜ್ಞಾನದ ಮಾತು. ಎರಡನೆಯದರಲ್ಲಿ 1840ರ ದಶಕದ ಕಾವ್ಯದ ಮಾತು, ಸುಂದರ ಮತ್ತು ಉದಾತ್ತವಾದದ್ದರ ಕನಸು, ಬಿದ್ದ ಹೆಣ್ಣನ್ನು ಎತ್ತುವ ಕನಸು. ಎರಡೂ ಸಲ ಪುಸ್ತಕದಿಂದ ಬಂದ ಮಾತೇ.

ಎರಡನೇ ಭಾಗಕ್ಕೆ ಒಂದು ಬದಲಾವಣೆ ಮಾಡಿಕೊಂಡೆವು. ಪ್ರತಿ ಅಧ್ಯಾಯದ ಪಕ್ಕದಲ್ಲಿ, ಇದು ಮೊದಲ ಭಾಗದ ಯಾವ ಚಿತ್ರಕ್ಕೆ ತಗಲುತ್ತದೆ ಅಂತ ಅಧ್ಯಾಯದ ಸಂಖ್ಯೆ ಹಾಕುವುದು. ಒಂದೇ ಸಂಜೆಯಲ್ಲಿ ಅವಳಿಗೆ ಪುಸ್ತಕ ಬಿಚ್ಚಿಕೊಂಡಿದ್ದು ಇದರಿಂದ.

ಒಂದನೇ ಅಧ್ಯಾಯ ತಗೊಳ್ಳಿ. ಒಂದು ಪಡಖಾನೆಯ ಬಿಲಿಯರ್ಡ್ಸ್ ಮೇಜಿನ ಹತ್ತಿರ ಇವನು ದಾರಿಗೆ ಅಡ್ಡ ನಿಂತಿದ್ದಾನೆ. ಒಬ್ಬ ಅಧಿಕಾರಿ ಮಾತಿಲ್ಲದೆ ಇವನ ಹೆಗಲು ಹಿಡಿದು ಕುರ್ಚಿ ಸರಿಸಿದ ಹಾಗೆ ಆಚೆ ಸರಿಸಿ ಹೋಗುತ್ತಾನೆ. ಹೊಡೆದಿದ್ದರೂ ಪರವಾಗಿರಲಿಲ್ಲ, ನನ್ನನ್ನು ನೋಡಲೇ ಇಲ್ಲ ಅನ್ನುವುದು ಸಂಕಟ. ವರ್ಷಗಟ್ಟಲೆ ಸೇಡು ಕಾಯುತ್ತಾನೆ. ಕೊನೆಗೆ ನೆವ್‌ಸ್ಕಿ ಬೀದಿಯಲ್ಲಿ ಅವನಿಗೆ ದಾರಿ ಬಿಡದೆ ಎದುರಾಗಿ ನಡೆಯಬೇಕು ಅಂತ ತೀರ್ಮಾನ. ಅದಕ್ಕೆ ತಕ್ಕ ಹಾಗೆ ಕಾಣಬೇಕಲ್ಲ, ಕೋಟಿಗೆ ಒಳ್ಳೆಯ ಕಾಲರ್ ಹಾಕಿಸಲು ಮೇಲಧಿಕಾರಿಯಿಂದ ಸಾಲ ತರುತ್ತಾನೆ. ಹಲವು ಸಲ ಹಿಂಜರಿದು, ಕೊನೆಗೊಮ್ಮೆ ಕಣ್ಣು ಮುಚ್ಚಿ ಹೆಗಲಿಗೆ ಹೆಗಲು ತಾಗಿಸುತ್ತಾನೆ. ಅಧಿಕಾರಿ ತಿರುಗಿಯೂ ನೋಡುವುದಿಲ್ಲ. ಪಕ್ಕದಲ್ಲಿ ಅವಳು ಬರೆದಿದ್ದು ಮೊದಲ ಭಾಗದ ಮೂರು, ಗೂಳಿ ಮತ್ತು ಇಲಿ.

ಎರಡು, ಮೂರು ಬೇಗ ಮುಗಿಯುತ್ತವೆ. ಕನಸುಗಳ ಸುಸ್ತು, ಆಮೇಲೆ ಹಳೇ ಸಹಪಾಠಿ ಸಿಮೊನೊವ್‌ನ ಮನೆ. ಅಲ್ಲಿ ಜ್ವೆರ್ಕೊವ್ ಎಂಬವನಿಗೆ ಬೀಳ್ಕೊಡುಗೆ ಊಟದ ಮಾತು ನಡೆಯುತ್ತಿದೆ. ಇವನನ್ನು ಯಾರೂ ಕರೆದಿಲ್ಲ, ಇವನೇ ನಾನೂ ಬರುತ್ತೇನೆ ಅಂತಾನೆ. ಕೈಯಲ್ಲಿರುವುದು ಒಂಬತ್ತು ರೂಬಲ್, ಅದರಲ್ಲಿ ಏಳು ಆಳು ಅಪೊಲೊನ್‌ನ ಸಂಬಳ, ಊಟದ ಪಾಲೂ ಏಳು. ಹೋಗಬಾರದು ಅಂತ ಗೊತ್ತು, ಗೊತ್ತಿರುವುದಕ್ಕೇ ಹೋಗುತ್ತಾನೆ. ಪಕ್ಕದಲ್ಲಿ ಏಳು, ಯಾವ ಪಟ್ಟಿಗೂ ಸೇರದ ಲಾಭ. ನಾಲ್ಕರಲ್ಲಿ ಊಟದ ಸಮಯ ಐದರಿಂದ ಆರಕ್ಕೆ ಬದಲಾಗಿದ್ದನ್ನು ಯಾರೂ ಇವನಿಗೆ ಹೇಳಿಲ್ಲ. ಅವಮಾನದ ಮೇಲೆ ಅವಮಾನ. ರಾತ್ರಿ ಎಂಟರಿಂದ ಹನ್ನೊಂದರವರೆಗೆ, ಉಳಿದವರು ಕುಡಿಯುತ್ತಾ ಕೂತಿರುವಾಗ, ಇವನು ಗೋಡೆಯ ಪಕ್ಕ ಬೂಟು ಸದ್ದು ಮಾಡಿಕೊಂಡು ಅತ್ತಿಂದಿತ್ತ ನಡೆಯುತ್ತಾನೆ. "ಇದು ನಾಲ್ಕು ಅಲ್ವಾ ಚಿಕ್ಕಮ್ಮಾ, ಹಲ್ಲುನೋವು? ಬೇರೆಯವರಿಗೆ ಕೇಳಿಸಲಿ ಅಂತ ನರಳೋದು?" ಅಂತ ಕೇಳಿದಳು. ನನಗೆ ಎಂ.ಎ. ಓದುವಾಗ ಇದು ಹೊಳೆದಿರಲೇ ಇಲ್ಲ.

ಐದರಲ್ಲಿ ಅವರ ಹಿಂದೆ ಬಂಡಿ ಏರಿ ವೇಶ್ಯಾಗೃಹಕ್ಕೆ ಹೋಗುತ್ತಾನೆ, ಅವರಿಲ್ಲ, ಲೀಸಾ ಅನ್ನುವ ಹುಡುಗಿ ಬರುತ್ತಾಳೆ. ರೀಗಾದವಳು, ಇಪ್ಪತ್ತು ವರ್ಷ. ಆರು ಮತ್ತು ಏಳು ಒಂದೇ ದೀರ್ಘ ಮಾತು. ಕತ್ತಲಲ್ಲಿ ಅವಳಿಗೆ ಸಂಸಾರದ ಸುಖ ವರ್ಣಿಸುತ್ತಾನೆ, ಅವಳು ಹೇಗೆ ಸಾಯುತ್ತಾಳೆ ಅಂತ ಹೇಳುತ್ತಾನೆ. ನಡುವೆ ಅವಳು, ನೀವು ಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ ಅನ್ನುತ್ತಾಳೆ. ಆ ಸಾಲನ್ನು ಬಿಡಬಾರದು. ಪೆಟ್ಟು ತಿಂದವನು ಜೋರಾಗಿ ಮುಂದುವರಿಸಿ ಅವಳನ್ನು ಪೂರಾ ಅಳಿಸುತ್ತಾನೆ, ವಿಳಾಸ ಕೊಟ್ಟು ಬರುತ್ತಾನೆ. ಮನುಷ್ಯ ಪಿಯಾನೋದ ಕೀಲಿಯಲ್ಲ ಅಂತ ಮೊದಲ ಭಾಗದ ಎಂಟರಲ್ಲಿ ಕೂಗಿದವನು ಇಲ್ಲಿ ಒಂದು ಹುಡುಗಿಯನ್ನು ಕೀಲಿ ಒತ್ತಿದ ಹಾಗೆ ನುಡಿಸುತ್ತಿದ್ದಾನೆ.

ಎಂಟರಲ್ಲಿ ಅವಳು ಬಂದುಬಿಟ್ಟರೆ ಅನ್ನುವ ಭಯ, ಸಂಬಳದ ವಿಷಯಕ್ಕೆ ಅಪೊಲೊನ್ ಜತೆ ಹೀನಾಯ ಜಗಳ, ಆ ಜಗಳದ ನಡುವೆಯೇ ಅವಳು ಬಾಗಿಲಲ್ಲಿ ನಿಂತಿರುತ್ತಾಳೆ. ಇಲ್ಲಿಗೆ ಮೊದಲ ಭಾಗದ ಒಂಬತ್ತು ಬರುತ್ತದೆ. ದಾರಿ ಕಟ್ಟಿದ್ದ, ಈಗ ಗುರಿಯೇ ನಡೆದುಕೊಂಡು ಮನೆಗೆ ಬಂದಿದೆ, ಅವನಿಗೆ ಸಹಿಸಲಾಗುತ್ತಿಲ್ಲ.

ಒಂಬತ್ತನೇ ಅಧ್ಯಾಯವನ್ನು ಮೂರು ಸಾಲಿಗೆ ಇಳಿಸಬೇಡ, ಅರ್ಧ ಪುಟ ಕೊಡು ಅಂದೆ. ಅವನು ಸಿಡಿಯುತ್ತಾನೆ. ನನಗೆ ಆವತ್ತು ಬೇಕಿದ್ದಿದ್ದು ಅಧಿಕಾರ, ಆಟ, ನಿನ್ನ ಕಣ್ಣೀರು, ನಿನ್ನನ್ನು ಉಳಿಸುವುದು ಅಲ್ಲ ಅಂತ ಎಲ್ಲ ಹೇಳಿಬಿಡುತ್ತಾನೆ. ಅವಳು ಎದ್ದು ಹೋಗಬೇಕಿತ್ತು. ಹೋಗುವುದಿಲ್ಲ. ಅವನ ಮಾತಿನ ಒಳಗೆ ಅವಳಿಗೆ ಕೇಳಿಸಿದ್ದು ಒಂದೇ, ಈ ಮನುಷ್ಯ ಸಂಕಟದಲ್ಲಿದ್ದಾನೆ. ಅಪ್ಪಿಕೊಳ್ಳುತ್ತಾಳೆ. ಅವನು ಅಳುತ್ತಾನೆ, ನನ್ನನ್ನು ಒಳ್ಳೆಯವನಾಗಲು ಬಿಡುವುದಿಲ್ಲ, ನಾನು ಒಳ್ಳೆಯವನಾಗಲಾರೆ ಅಂತಾನೆ. ಅಳು ನಿಂತ ಕೂಡಲೇ ನಾಚಿಕೆ, ನಾಚಿಕೆಯ ಹಿಂದೆಯೇ ದ್ವೇಷ, ಈಗ ಇವಳು ಮೇಲೆ, ನಾನು ಕೆಳಗೆ ಅನ್ನುವ ದ್ವೇಷ. ಮೊದಲ ಭಾಗದ ಯಾವ ವಾದದಲ್ಲೂ ಈ ಅಪ್ಪುಗೆಗೆ ಜಾಗವೇ ಇರಲಿಲ್ಲ. ಲಾಭದ ಪಟ್ಟಿ ಬರೆಯುವವರಿಗೂ ಅದು ಗೊತ್ತಿಲ್ಲ, ಪಟ್ಟಿ ಹರಿಯುವ ಇವನಿಗೂ ಗೊತ್ತಿಲ್ಲ. ಸೆನ್ಸಾರು ಕತ್ತರಿಸಿದ್ದು ಏನಿರಬಹುದು ಅನ್ನುವುದಕ್ಕೆ ಕಾದಂಬರಿಯೊಳಗೆ ಉಳಿದಿರುವ ಗುರುತು ಇದೇ ಅಂತ ನನಗೆ ಅನ್ನಿಸುತ್ತದೆ, ಆದರೆ ಇದು ನನ್ನ ಓದು.

ಹತ್ತರಲ್ಲಿ ಅವಳು ಹೊರಡುವಾಗ ಅವಳ ಕೈಯೊಳಗೆ ಐದು ರೂಬಲ್ ನೋಟು ತುರುಕುತ್ತಾನೆ. ಮನಸ್ಸಿನಿಂದ ಅಲ್ಲ, ತಲೆಯಿಂದ ಮಾಡಿದೆ, ಪುಸ್ತಕದಿಂದ ಬಂದ ಕ್ರೌರ್ಯ ಅಂತ ಆಮೇಲೆ ತಾನೇ ಹೇಳುತ್ತಾನೆ. ಅವಳು ಹೋಗುತ್ತಾಳೆ. ನೋಡಿದರೆ ಮೇಜಿನ ಮೇಲೆ ಮುದ್ದೆಯಾದ ನೀಲಿ ನೋಟು. ಹಿಮದಲ್ಲಿ ಓಡುತ್ತಾನೆ, ಬೀದಿ ಖಾಲಿ, ನಿಲ್ಲುತ್ತಾನೆ, ಅವಮಾನ ಅವಳನ್ನು ಶುದ್ಧ ಮಾಡುತ್ತದೆ ಅಂತ ಒಂದು ಹೊಸ ವಾದ ಹೆಣೆದುಕೊಂಡು ಮನೆಗೆ ಮರಳುತ್ತಾನೆ.

ಈ ಹಾಳೆ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಕೆಲಸ ಮಾಡಿದೆವು. ಸಾಲುಗಳನ್ನು ಮುಚ್ಚಿ ಚಿತ್ರಗಳನ್ನು ಮಾತ್ರ ಬಿಟ್ಟೆವು. ಪಿತ್ತಜನಕಾಂಗ, ಇಲಿ, ಹಲ್ಲು, ಕರಗಿದ ಸಿಟ್ಟು, ಸೋಮಾರಿ, ಒದೆತ, ಪಿಯಾನೋ, ಇರುವೆ ಗೂಡು, ಕೋಳಿಗೂಡು. ಚಿತ್ರ ನೋಡಿ ವಾದ ಹೇಳಲು ಬಂದರೆ ಆ ಅಧ್ಯಾಯ ಗೊತ್ತಿದೆ ಅಂತ ಲೆಕ್ಕ. ಅವಳಿಗೆ ಐದು ಮತ್ತು ಆರು ಅದಲು ಬದಲಾಯಿತು, ಉಳಿದದ್ದು ಬಂತು. ಆಮೇಲೆ ಪ್ರಶ್ನೆ ಹಾಕಿದೆ, ಈ ಕಾದಂಬರಿಯಲ್ಲಿ ಸ್ವತಂತ್ರ ಇಚ್ಛೆ ಇದೆಯೇ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಾಳೆಯ ಕೊನೆಯ ಸಾಲಿನ ಪಕ್ಕದಲ್ಲಿ, ಹತ್ತರ ಎದುರಿಗೆ, ಮೊದಲ ಭಾಗದ ಎಂಟು ಅಂತ ಬರೆದು, ಫೋನಿನಲ್ಲಿ ಓದಿ ಹೇಳಿದಳು. "ಅವನಲ್ಲ. ನೋಟು ಮೇಜಿನ ಮೇಲೆ ಬಿಟ್ಟು ಹೋದವಳು."